ಟೈಟನ್‌ಗೆ ನಿಜವಾದ ಪೈಪೋಟಿ ಯಾರದ್ದು?

"ಷೇರು ನೋಡುವ ವೆಬ್‌ಸೈಟ್‌ನಲ್ಲಿ ಪ್ರತಿ ಕಂಪನಿಯ ಕೆಳಗೂ ಪೈಪೋಟಿದಾರರ ಪಟ್ಟಿ ಇರುತ್ತಲ್ಲ, ಅದು ಸಾಲದಾ?"

ಸಾಲದು. ಟೈಟನ್ ಅನ್ನೇ ನೋಡೋಣ. ಹೆಸರು ಕೇಳಿದರೆ ಕೈಗಡಿಯಾರ ನೆನಪಾಗುತ್ತದೆ. ಷೇರುಪೇಟೆಯ ವಿಂಗಡಣೆಯಲ್ಲಿ ಅದು ಇರುವುದು ಕನ್ಸ್ಯೂಮರ್ ಡ್ಯೂರಬಲ್ಸ್ ಗುಂಪಿನಲ್ಲಿ, ಏಸಿ ಮಾರುವ ವೋಲ್ಟಾಸ್, ಬ್ಲೂ ಸ್ಟಾರ್ ಜೊತೆಗೆ. ಬಳೆ ಕೊಳ್ಳಲು ಹೊರಟವರು ಏಸಿ ಅಂಗಡಿಗೆ ಹೋಗುತ್ತಾರಾ?

ಅದಕ್ಕೇ ನಾನು ಮೊದಲು ವಾರ್ಷಿಕ ವರದಿಯಲ್ಲಿ ಸೆಗ್ಮೆಂಟ್ ಕೋಷ್ಟಕ ಹುಡುಕುತ್ತೇನೆ. ಯಾವ ವ್ಯಾಪಾರದಿಂದ ಎಷ್ಟು ಆದಾಯ, ಎಷ್ಟು ಲಾಭ ಅಂತ ಅಲ್ಲಿ ಬಿಡಿಸಿ ಹಾಕಿರುತ್ತಾರೆ. ಟೈಟನ್‌ಗೆ ಬರುವ ನೂರು ರೂಪಾಯಿಯಲ್ಲಿ 80ಕ್ಕೂ ಜಾಸ್ತಿ ಆಭರಣದ್ದು, ಅಂದರೆ ತನಿಷ್ಕ್, ಕ್ಯಾರಟ್‌ಲೇನ್ ಮುಂತಾದವುಗಳದ್ದು. ಹಾಗಾಗಿ ಹೋಲಿಕೆ ಆಭರಣದ ಅಂಗಡಿಗಳ ಜೊತೆಗೇ ಆಗಬೇಕು. ಕನ್ನಡಕದ ವಿಭಾಗಕ್ಕೆ ಲೆನ್ಸ್‌ಕಾರ್ಟ್ ಪೈಪೋಟಿ ಹೌದು, ಆದರೆ ಇಡೀ ಕಂಪನಿಗಲ್ಲ.

ಆಭರಣ ಅಂದ ತಕ್ಷಣ ಎಲ್ಲರೂ ಒಂದೇ ಅಲ್ಲ. ಬೆಂಗಳೂರಿನದೇ ಆದ ರಾಜೇಶ್ ಎಕ್ಸ್‌ಪೋರ್ಟ್ಸ್ 2023-24ರಲ್ಲಿ ತೋರಿಸಿದ ಆದಾಯ ಸುಮಾರು 2.8 ಲಕ್ಷ ಕೋಟಿ ರೂಪಾಯಿ. ಟೈಟನ್‌ನದು ಸುಮಾರು 51 ಸಾವಿರ ಕೋಟಿ. ಆದಾಯ ಮಾತ್ರ ನೋಡಿದರೆ ಟೈಟನ್ ಪುಟ್ಟ ಕಂಪನಿ! ಲಾಭ ನೋಡಿ: ಟೈಟನ್‌ಗೆ ಸುಮಾರು 3,500 ಕೋಟಿ, ರಾಜೇಶ್‌ಗೆ ಅದರ ಹತ್ತನೇ ಒಂದು ಭಾಗವೂ ಇಲ್ಲ. ಕಾರಣ ಸರಳ. ರಾಜೇಶ್‌ನ ಮುಖ್ಯ ವ್ಯವಹಾರ ಚಿನ್ನ ಶುದ್ಧ ಮಾಡಿ ಸಗಟಾಗಿ ಮಾರುವುದು, ಅದರಲ್ಲಿ ಸಿಗುವುದು ಕೂದಲೆಳೆಯಷ್ಟು ಲಾಭ. ತನಿಷ್ಕ್ ಗಳಿಸುವುದು ಮೇಕಿಂಗ್ ಚಾರ್ಜ್‌ನಲ್ಲಿ, ವಜ್ರದ ಒಡವೆಯಲ್ಲಿ. ಎರಡು ಕಂಪನಿಗಳ ಲಾಭದ ಪ್ರಮಾಣ ಇಷ್ಟು ದೂರ ಇದ್ದರೆ ಅವು ಒಂದೇ ವ್ಯಾಪಾರದಲ್ಲಿವೆಯೇ ಅಂತ ಅನುಮಾನ ಪಡಬೇಕು.

ಹಾಗೆ ಸೋಸಿದರೆ ಆಭರಣದ ಅಂಗಡಿ ನಡೆಸುವ ಕಲ್ಯಾಣ್, ಸೆಂಕೊ, ತಂಗಮಯಿಲ್ ಉಳಿಯುತ್ತವೆ. ಕಲ್ಯಾಣ್ 2021ರಲ್ಲಿ, ಸೆಂಕೊ 2023ರಲ್ಲಿ ಷೇರುಪೇಟೆಗೆ ಬಂದವು. ಹೀಗೆ ಮೊದಲ ಸಲ ಷೇರು ಮಾರಲು ಬರುವ ಕಂಪನಿ ಕೊಡುವ ಐಪಿಓ ಪ್ರಾಸ್ಪೆಕ್ಟಸ್‌ನಲ್ಲಿ 'ಬೇಸಿಸ್ ಫಾರ್ ಆಫರ್ ಪ್ರೈಸ್' ಅಂತ ಒಂದು ಅಧ್ಯಾಯ ಇರುತ್ತದೆ. ತನ್ನಂಥ ಲಿಸ್ಟೆಡ್ ಕಂಪನಿಗಳ ಜೊತೆ ಹೋಲಿಕೆಯನ್ನು ಕಂಪನಿ ಅಲ್ಲಿ ಕೊಡಬೇಕು. ಓದಿ, ಆದರೆ ಪೂರ್ತಿ ನಂಬಬೇಡಿ. ದುಬಾರಿ ಷೇರುಗಳ ಪಕ್ಕದಲ್ಲಿ ನಿಂತರೆ ತನ್ನ ಬೆಲೆ ಅಗ್ಗವಾಗಿ ಕಾಣುತ್ತದೆ ಅಂತ ಎಲ್ಲರಿಗೂ ಗೊತ್ತು.

ಇನ್ನೊಂದು ಗುಂಪು ಯಾವ ವೆಬ್‌ಸೈಟ್ ಪಟ್ಟಿಯಲ್ಲೂ ಸಿಗುವುದಿಲ್ಲ. ಮಲಬಾರ್, ಜೋಯಾಲುಕ್ಕಾಸ್ ಷೇರುಪೇಟೆಯಲ್ಲೇ ಇಲ್ಲ, ಆದರೆ ಅದೇ ರಸ್ತೆಯಲ್ಲಿ ಅಂಗಡಿ ಇಟ್ಟಿರುತ್ತವೆ. ಇಂಥ ಕಂಪನಿಗಳು ಬ್ಯಾಂಕ್ ಸಾಲಕ್ಕೆ ರೇಟಿಂಗ್ ಪಡೆದಿದ್ದರೆ ಕ್ರಿಸಿಲ್, ಇಕ್ರಾ, ಕೇರ್ ಸಂಸ್ಥೆಗಳ ಟಿಪ್ಪಣಿ ಪುಕ್ಕಟೆ ಸಿಗುತ್ತದೆ. ಆದಾಯ, ಸಾಲ, ಅಪಾಯಗಳ ಬಗ್ಗೆ ಅದರಲ್ಲಿ ಸಾಕಷ್ಟಿರುತ್ತದೆ. ಊರಿನ ಚಿನ್ನದಂಗಡಿಯವರ ಲೆಕ್ಕ ಮಾತ್ರ ಎಲ್ಲೂ ಸಿಗುವುದಿಲ್ಲ, ಪೈಪೋಟಿ ಅವರದ್ದೂ ದೊಡ್ಡದೇ.

ಪಟ್ಟಿ ಸಿದ್ಧವಾದ ಮೇಲೆ ಬೆಳವಣಿಗೆಯನ್ನು ಒಂದೇ ತ್ರೈಮಾಸಿಕದಲ್ಲಿ ಹೋಲಿಸಿ. ಚಿನ್ನದ ದರ ಏರಿದರೆ ಎಲ್ಲರ ಮಾರಾಟವೂ ಸುಮ್ನೆ ಏರುತ್ತದೆ. ಟೈಟನ್ 20% ಬೆಳೆಯಿತು ಅಂತ ಖುಷಿಪಡುವ ಮೊದಲು ಅದೇ ಮೂರು ತಿಂಗಳಲ್ಲಿ ಕಲ್ಯಾಣ್ ಎಷ್ಟು ಬೆಳೆಯಿತು, ಹಳೆಯ ಅಂಗಡಿಗಳಲ್ಲಿ ಎಷ್ಟು, ಹೊಸ ಅಂಗಡಿಗಳಿಂದ ಎಷ್ಟು ಅಂತ ನೋಡಬೇಕು.