ಎಂಟು ಮೈಕ್ ಚಾನೆಲ್, ಹದಿನಾಲ್ಕು ಐಟಂ: ಚಿಂತಾಮಣಿಯ ಶಾಲಾ ವಾರ್ಷಿಕೋತ್ಸವಕ್ಕೆ ಸೌಂಡ್ ಚೆಕ್ ತಯಾರಿ

ಹತ್ತು ದಿನ ಬಾಕಿ

ಬಾಡಿಗೆಗೆ ಸಿಕ್ಕಿರುವುದು 12 ಚಾನೆಲ್ ಮಿಕ್ಸರ್. ಅದರಲ್ಲಿ ಮೈಕ್ ಚುಚ್ಚಲು ಬರುವುದು ಎಂಟಕ್ಕೆ ಮಾತ್ರ. ಉಳಿದ ನಾಲ್ಕು ಎರಡು ಸ್ಟೀರಿಯೊ ಜೋಡಿಗಳು: ಒಂದು ಲ್ಯಾಪ್‌ಟಾಪಿಗೆ, ಇನ್ನೊಂದು ಕೀಬೋರ್ಡಿಗೆ. ಹಳೆಯ ಅನಲಾಗ್ ಮಿಕ್ಸರ್ ಆದ್ದರಿಂದ ಒಂದು ಐಟಮ್ಮಿನ ಸೆಟ್ಟಿಂಗನ್ನು ಉಳಿಸಿಟ್ಟು ಮತ್ತೆ ಕರೆಯುವ ಸೌಲಭ್ಯ ಇಲ್ಲ.

ಐಟಂ ಪಟ್ಟಿ ಕೈಗೆ ಬಂದ ತಕ್ಷಣ ಎಲ್ಲರೂ ಮಾಡುವುದು, ಯಾರಿಗೆ ಎಷ್ಟು ಮೈಕ್ ಎಂದು ಕೂಡುತ್ತಾ ಹೋಗುವುದು. ಹಾಗೆ ಕೂಡಿದರೆ ಯಾವ ಮಿಕ್ಸರ್ರೂ ಸಾಲುವುದಿಲ್ಲ. ನೋಡಬೇಕಾದದ್ದು ಒಂದೇ ಹೊತ್ತಿನಲ್ಲಿ ಎಷ್ಟು ಮೈಕ್ ತೆರೆದಿರಬೇಕು ಎಂಬುದನ್ನು. ಈ 14ರಲ್ಲಿ ಒಂಬತ್ತು ಐಟಂ ಬರೀ ಟ್ರ್ಯಾಕಿಗೆ ಕುಣಿಯುವವು, ಅವಕ್ಕೆ ಮೈಕೇ ಬೇಡ. ಉಳಿದವು ಪ್ರಾರ್ಥನೆ, ಭಾಷಣ, ಕೀಬೋರ್ಡ್ ಜತೆಗಿನ ಸಮೂಹಗಾನ, ನಾಟಕ ಮತ್ತು ತಮಟೆ. ಆದ್ದರಿಂದ ಚಾನೆಲ್‌ಗಳನ್ನು ಮಕ್ಕಳ ಹೆಸರಿಗೆ ಬರೆಯದೆ ಸ್ಟೇಜಿನ ಜಾಗಕ್ಕೆ ಬರೆದೆವು. 1 ನಿರೂಪಕರದ್ದು. 2 ಮತ್ತು 3 ಕಾರ್ಡ್‌ಲೆಸ್. 4 ಮತ್ತು 5 ಹಾಡುವವರ ಎದುರಿನ ಸ್ಟ್ಯಾಂಡ್ ಮೈಕ್. ಈ ಐದನ್ನು ಕಾರ್ಯಕ್ರಮ ಮುಗಿಯುವವರೆಗೂ ಯಾರೂ ಕಿತ್ತು ಬದಲಿಸುವಂತಿಲ್ಲ. 6, 7, 8 ಮಾತ್ರ ಹಂಚಿಕೆಯವು: ಪ್ರಾರ್ಥನೆಯಲ್ಲಿ 6 ಹಾರ್ಮೋನಿಯಂಗೆ, 7 ತಬಲಾಕ್ಕೆ, 8 ಖಾಲಿ. ನಾಟಕದಲ್ಲಿ ಮೂರೂ ಸ್ಟೇಜಿನ ಮುಂದಿನ ಅಂಚಿಗೆ ಹೋಗುತ್ತವೆ.

ಎಂಟು ದಿನ ಬಾಕಿ: ನಾಟಕ

ಒಂಬತ್ತು ಪಾತ್ರ, ಹಾಗಾಗಿ ಒಂಬತ್ತು ಕಾಲರ್ ಮೈಕ್ ಬೇಕೆಂದು ನಾಟಕದ ಮೇಷ್ಟ್ರು ಕೇಳಿದ್ದರು. ಚಾನೆಲ್ ಇದ್ದಿದ್ದರೂ ಇದು ಬೇಡ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಕೂಗು ಶುರುವಾಗುವ ಮೊದಲು ದನಿ ಏರಿಸಲು ನಮಗಿರುವ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ. ಒಂದು ಮೈಕಿನಿಂದ ಎಂಟಕ್ಕೆ ಹೋದರೆ 9 ಡೆಸಿಬೆಲ್ ಕೈಬಿಟ್ಟಂತೆ. ಮೆತ್ತಗೆ ಮಾತಾಡುವ ಐದನೇ ತರಗತಿ ಮಗುವಿನ ಮಾತು ಕೊನೆಯ ಸಾಲಿಗೆ ಕೇಳಿಸುವುದೋ ಇಲ್ಲವೋ ಎಂಬುದು ಆ 9 ಡೆಸಿಬೆಲ್‌ನಲ್ಲೇ ತೀರ್ಮಾನವಾಗುತ್ತದೆ.

ಬದಲಿಗೆ ಅಂಚಿನಲ್ಲಿ ಮೂರು ಕಂಡೆನ್ಸರ್ ಮೈಕ್ ಇಡುತ್ತಿದ್ದೇವೆ. ಮಗು ಮೈಕಿನಿಂದ ಎಷ್ಟು ದೂರವೋ ಅದರ ಮೂರರಷ್ಟು ದೂರ ಮೈಕಿಗೂ ಮೈಕಿಗೂ ನಡುವೆ ಇರಬೇಕು. ಇಲ್ಲದಿದ್ದರೆ ಒಂದೇ ದನಿ ಎರಡು ಮೈಕಿಗೆ ಹಿಂದುಮುಂದಾಗಿ ತಲುಪಿ, ಕೊಳವೆಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಮಾತಾಡುವವರು ಅಂಚಿನಿಂದ 4 ಅಡಿಯಲ್ಲಿ ನಿಲ್ಲುವುದೆಂದು ನೆಲಕ್ಕೆ ಟೇಪ್ ಅಂಟಿಸಿದ್ದೇವೆ. ಸ್ಟೇಜ್ 28 ಅಡಿ ಅಗಲ ಇರುವುದರಿಂದ ಎರಡೂ ತುದಿಯಿಂದ 2 ಅಡಿ ಬಿಟ್ಟು ಒಂದೊಂದು, ನಡುವೆ ಒಂದು. 12 ಅಡಿ ಅಂತರ ಸರಿಯಾಗಿ ಕೂತಿತು. ಹಲಗೆಯ ಸ್ಟೇಜಾದ್ದರಿಂದ ಹೆಜ್ಜೆ ಸದ್ದು ಮೈಕಿಗೆ ಏರುತ್ತದೆ. ಗಿಡ್ಡ ಸ್ಟ್ಯಾಂಡಿನ ಕೆಳಗೆ ಎರಡು ಪದರ ಫೋಮ್ ಹಾಕಿ, ಆ ಚಾನೆಲ್‌ಗಳಲ್ಲಿ ತಗ್ಗು ಸದ್ದನ್ನು ಕತ್ತರಿಸುವ ಲೋ ಕಟ್ ಗುಂಡಿ ಒತ್ತಿದರೆ ಬಹುಪಾಲು ಇಳಿಯುತ್ತದೆ. ಬಯಲಿನ ಸಂಜೆ ಗಾಳಿಗೆ ಮೈಕಿನ ತಲೆಗೆ ಸ್ಪಂಜ್ ಟೋಪಿ ಕೂಡ ಬೇಕು.

ಏಳು ದಿನ ಬಾಕಿ: ಹಂಚಿಕೆ ಚಾನೆಲ್‌ನ ಎರಡು ತೊಡಕು

ಮೊದಲನೆಯದು ಗೇನ್, ಅಂದರೆ ಮೈಕಿನಿಂದ ಬಂದ ದನಿಯನ್ನು ಮಿಕ್ಸರ್ ಎಷ್ಟು ಹಿಗ್ಗಿಸಬೇಕು ಎಂಬುದು. ಹಾರ್ಮೋನಿಯಂ ಮೈಕಿನಿಂದ ಅರ್ಧ ಅಡಿಯಲ್ಲಿದೆ, ನಾಟಕದ ಮಗು 4 ಅಡಿಯಲ್ಲಿ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಅರ್ಧದಿಂದ ಒಂದು, ಎರಡು, ನಾಲ್ಕು ಅಡಿ ಎಂದರೆ ಮೂರು ಸಲ ಎರಡರಷ್ಟು, ಒಟ್ಟು 18 ಡೆಸಿಬೆಲ್. ಅಂದರೆ ನಾಟಕಕ್ಕೆ ಗೇನ್ ಗುಬಟವನ್ನು ಚೆನ್ನಾಗಿಯೇ ತಿರುಗಿಸಬೇಕು. ಅದೇ ಜಾಗದಲ್ಲಿ ಬಿಟ್ಟು ಮತ್ತೆ ಹಾರ್ಮೋನಿಯಂ ಚುಚ್ಚಿದರೆ ದನಿ ಒಡೆಯುತ್ತದೆ. ಗುಬಟದ ಸುತ್ತ ಕಾಗದದ ಟೇಪ್ ಅಂಟಿಸಿ ಸಂಗೀತಕ್ಕೆ ಕೆಂಪು ಗೆರೆ, ನಾಟಕಕ್ಕೆ ನೀಲಿ ಗೆರೆ ಎಳೆದಿದ್ದೇವೆ. ಪ್ರತಿ ಜೋಡಣೆಗೂ ಮಿಕ್ಸರಿನ ಫೋಟೊ ಮೊಬೈಲಿನಲ್ಲಿ ಇದೆ, ಆದರೆ ಕತ್ತಲಲ್ಲಿ ಬೇಗ ಕಣ್ಣಿಗೆ ಬೀಳುವುದು ಗೆರೆಯೇ.

ಎರಡನೆಯದು ಫ್ಯಾಂಟಮ್, ಅಂದರೆ ಕಂಡೆನ್ಸರಿಗೆ ಬೇಕಾದ, ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್. ಈ ಮಿಕ್ಸರಿನಲ್ಲಿ ಎಂಟಕ್ಕೂ ಸೇರಿ ಒಂದೇ ಸ್ವಿಚ್. ದನಿಗೆ ಎರಡು ತಂತಿ ಇರುವ ಸರಿಯಾದ ಬ್ಯಾಲೆನ್ಸ್ಡ್ ಕೇಬಲ್ ಇದ್ದರೆ ಮಾಮೂಲಿ ಡೈನಮಿಕ್ ಮೈಕಿಗೆ ಅದರಿಂದ ತೊಂದರೆ ಇಲ್ಲ, ಹಾಗಾಗಿ ಸಂಜೆಯಿಡೀ ಆನ್ ಇರುತ್ತದೆ. ತೊಂದರೆ ಇರುವುದು ಕಿತ್ತು ಚುಚ್ಚುವಾಗ: ಚಾನೆಲ್ ತೆರೆದಿದ್ದರೆ ಸ್ಪೀಕರಿನಲ್ಲಿ ಢಬ್ ಎಂದು ಹೊಡೆಯುತ್ತದೆ, ಅದರೊಳಗೆ ತೀಕ್ಷ್ಣ ದನಿ ನುಡಿಸುವ ಟ್ವೀಟರ್ ಸುಡಲೂಬಹುದು. ಮಿಕ್ಸರಿನಲ್ಲಿ ಕೂತವರು ಮೂರನ್ನೂ ಮ್ಯೂಟ್ ಮಾಡಿ ಟಾರ್ಚ್ ಒಮ್ಮೆ ತೋರಿಸಬೇಕು, ಆಮೇಲೆಯೇ ಸ್ಟೇಜಿನವರು ಪಿನ್ ಮುಟ್ಟಬೇಕು.

ಐದು ದಿನ ಬಾಕಿ: ಟ್ರ್ಯಾಕ್

ಇವತ್ತು ಒಂದು ವಿಚಿತ್ರ. ಕೋಲಾಟದ ಹಾಡು ಹಾಕಿದರೆ ತಾಳ, ಕೊಳಲು ಎಲ್ಲ ಇದೆ, ಹಾಡುವವರ ದನಿ ಮಾತ್ರ ದೂರದ ಬಾವಿಯಿಂದ ಬಂದ ಹಾಗೆ. ಫೈಲ್ ಸರಿಯಾಗೇ ಇತ್ತು. ಲ್ಯಾಪ್‌ಟಾಪಿನಿಂದ ಎರಡೂ ತುದಿಗೆ ಮೂರು ಪಟ್ಟಿಯ ಸ್ಟೀರಿಯೊ ಪಿನ್ ಇರುವ ಕೇಬಲ್ ಬಂದು ಮೈಕ್ ಚಾನೆಲ್‌ನ ಲೈನ್ ತೂತಿಗೆ ಹೋಗಿತ್ತು. ಆ ತೂತು ಬ್ಯಾಲೆನ್ಸ್ಡ್. ಎಡ ಬಲ ಎರಡನ್ನೂ ಕೂಡುವ ಬದಲು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿ ಇರುವುದು ಗಾಯಕರ ದನಿಯೇ, ಅದೇ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್ ತುದಿಯಲ್ಲಿ ಸ್ಟೀರಿಯೊ, ಮಿಕ್ಸರ್ ತುದಿಯಲ್ಲಿ ಎರಡು ಬಿಡಿ ಮೋನೊ ಪಿನ್ ಇರುವ ಕೇಬಲನ್ನು 9/10ಕ್ಕೆ ಹಾಕಿದ ಮೇಲೆ ದನಿ ಮುಂದೆ ಬಂತು.

ಪೋಷಕರು ಕಳಿಸಿದ ಹಾಡುಗಳ ಜೋರು ಒಂದೊಂದು ಥರ ಇದ್ದದ್ದನ್ನು ಲ್ಯಾಪ್‌ಟಾಪಿನ ffmpeg ತಂತ್ರಾಂಶದಿಂದ ಮೊದಲೇ ಒಂದು ಮಟ್ಟಕ್ಕೆ ತಂದು, ಐಟಂ ಸಂಖ್ಯೆ ಮುಂದಿಟ್ಟು ಹೆಸರಿಸಿದ್ದೇವೆ:

```
ffmpeg -i kolata.mp3 -af loudnorm=I=-16:TP=-1.5 -ar 44100 07_kolata.wav
```

ಮೆಲ್ಲಗೆ ಶುರುವಾಗಿ ಏರುವ ಹಾಡಿಗೆ ಇದು ಬೇಡ, ಆ ಏರಿಳಿತವನ್ನೇ ಸಮತಟ್ಟು ಮಾಡಿಬಿಡಬಹುದು. ಅಂಥದ್ದು ಒಂದಿತ್ತು, ಅದನ್ನು ಮಿಕ್ಸರಿನಲ್ಲಿ ಜೋರು ಏರಿಳಿಸುವ ಫೇಡರಿನಲ್ಲೇ ನೋಡಿಕೊಳ್ಳುತ್ತೇವೆ.

ಎರಡು ದಿನ ಬಾಕಿ: ಚೆಕ್‌ನ ಕ್ರಮ

ಚೆಕ್ ಹಿಂದುಮುಂದು ನಡೆಯುತ್ತದೆ: ಕೊನೆಯ ಐಟಂ ಮೊದಲು, ಪ್ರಾರ್ಥನೆ ಕಡೆಗೆ. ಮಿಕ್ಸರಿಗೆ ನೆನಪಿಲ್ಲ ಎಂದಮೇಲೆ ಕಡೆಗೆ ನೋಡಿದ್ದೇ ಗೇನ್, ಮೈಕ್, ಕೇಬಲ್ ಸಮೇತ ಹಾಗೇ ಉಳಿಯಬೇಕು, ಕಾರ್ಯಕ್ರಮ ಅಲ್ಲಿಂದಲೇ ಶುರುವಾಗಬೇಕು. 14 ಐಟಂ ಇದ್ದರೂ ಜೋಡಣೆಗಳು ಐದೇ, ಒಂದೊಂದಕ್ಕೆ 15 ನಿಮಿಷ. ನಾಟಕಕ್ಕೆ ಮಾತ್ರ 25. ಕುಣಿಯುವ ಮಕ್ಕಳನ್ನು ಕರೆಸುವುದಿಲ್ಲ. ಟ್ರ್ಯಾಕಿನ ಆರಂಭ ಮತ್ತು ಅತಿ ಜೋರಾದ ಜಾಗ, ತಲಾ 10 ಸೆಕೆಂಡ್ ಸಾಕು.

ತಮಟೆ ಬಗ್ಗೆ ಒಂದು ಮಾತು. ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ಇದು, ಮಕ್ಕಳ ತಂಡವೂ ಗಟ್ಟಿಯಾಗಿಯೇ ಬಾರಿಸುತ್ತದೆ. ಆರು ತಮಟೆಗೆ ಮೈಕ್ ಬೇಡವೇ ಬೇಡ. ತಂಡದ ನಾಯಕನ ಕೂಗಿಗೆ ಒಂದು ಕಾರ್ಡ್‌ಲೆಸ್ ಸಾಕು. ಆದರೆ ಚೆಕ್‌ಗೆ ಬರುವಾಗಲೂ ಬೆಂಕಿಗೆ ಕಾಯಿಸಿಕೊಂಡೇ ಬರಬೇಕೆಂದು ಹೇಳಿದ್ದೇವೆ. ತಣ್ಣಗಿನ ಚರ್ಮದ ಸದ್ದು ಸಡಿಲ, ಮಂದ. ಅದಕ್ಕೆ ಹೊಂದಿಸಿಟ್ಟ ಕಾರ್ಡ್‌ಲೆಸ್, ಕಾಯಿಸಿದ ತಮಟೆಯ ನಡುವೆ ನಾಯಕನ ದನಿಯನ್ನು ಮೇಲೆತ್ತಲಾರದು.

ಪ್ರಾರ್ಥನೆಯಿಂದ ನಾಟಕಕ್ಕೆ ಕೇಬಲ್ ಬದಲಿಸುವುದನ್ನು ಗಡಿಯಾರ ಹಿಡಿದು ಮೂರು ಸಲ ಮಾಡಿ ನೋಡಿದೆವು: 3 ನಿಮಿಷ 10 ಸೆಕೆಂಡ್, 2:20, 1:50. ನಿರೂಪಕಿಗೆ ಆ ಜಾಗದಲ್ಲಿ ಎರಡೂವರೆ ನಿಮಿಷದ ಮಾತು ಬರೆದುಕೊಡಲಾಗಿದೆ, ಟಾರ್ಚ್ ಎರಡು ಸಲ ಮಿನುಗಿದರೆ ಮುಗಿಸಬಹುದು.

ಬಾಕಿ ಇರುವುದು 8ನೇ ಕೇಬಲ್. ಅಲ್ಲಾಡಿಸಿದರೆ ದನಿ ಅರ್ಧಕ್ಕೆ ಇಳಿದು ಗುಂಯ್ ಎನ್ನುತ್ತದೆ. ಪೂರ್ತಿ ಸಾಯುತ್ತಿಲ್ಲ ಎಂದರೆ ದನಿ ಸಾಗಿಸುವ 2 ಅಥವಾ 3ನೇ ಪಿನ್ನಿನ ಬೆಸುಗೆ ಬಿಟ್ಟಿರಬೇಕು. ನಾಳೆ ಬೆಳಿಗ್ಗೆ ಬಿಚ್ಚಿ ನೋಡುವುದು, ಬದಲಿ ಕೇಬಲ್ ಒಂದನ್ನು ಈಗಲೇ ಸ್ಟೇಜ್ ಪಕ್ಕ ಸುತ್ತಿಟ್ಟಿದ್ದೇವೆ.