ಟಿಟಿಎಲ್ ಇಳಿಸಿದ್ದು ಮಧ್ಯಾಹ್ನ, ಸೈಟ್ ಬದಲಿಸಿದ್ದು ಮರುದಿನ ರಾತ್ರಿ

"ಟಿಟಿಎಲ್ 300ಕ್ಕೆ ಇಳಿಸಿದ್ದೀರಲ್ಲ, ಹಾಗಾದ್ರೆ ಸೈಟನ್ನ ಹೊಸ ಸರ್ವರಿಗೆ ಹಾಕೋದನ್ನ ಇವತ್ತೇ ರಾತ್ರಿ ಮುಗಿಸಿಬಿಡಿ." ಮೈಸೂರಿನ ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಹೀಗೆ ಹೇಳಿದಾಗ ನಾನು ಒಪ್ಪಲಿಲ್ಲ. ಮಾತು ಸ್ವಲ್ಪ ಜೋರಾಯಿತು. ಇವತ್ತಿಗೂ ನನಗೆ ಅದರ ಬಗ್ಗೆ ಬೇಜಾರಿದೆ.

ಗಿರಾಕಿ ಮಂಡ್ಯದ ಒಬ್ಬ ಬೆಲ್ಲದ ವ್ಯಾಪಾರಿ. ಸೈಟಿನಲ್ಲಿ ಆರ್ಡರ್ ಬರುತ್ತದೆ, ದುಡ್ಡೂ ಅಲ್ಲೇ ಕಟ್ಟುತ್ತಾರೆ. ಹಳೆಯ ಶೇರ್ಡ್ ಹೋಸ್ಟಿಂಗ್‌ನಿಂದ ಹೊಸ ವಿಪಿಎಸ್‌ಗೆ ಹೋಗಬೇಕಿತ್ತು. ಡೊಮೇನ್ ಹೆಸರಿಗೆ ಸರ್ವರಿನ ಐಪಿ ವಿಳಾಸ ಕೊಡುವುದು ಎ ರೆಕಾರ್ಡ್; ಆ ಉತ್ತರವನ್ನು ಕೇಳಿದವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವುದು ಅದರ ಟಿಟಿಎಲ್. ಅದು 86400 ಸೆಕೆಂಡ್ ಇತ್ತು, ಅಂದರೆ 24 ಗಂಟೆ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅದನ್ನು 300ಕ್ಕೆ ಇಳಿಸಿದೆ.

ಇಳಿಸಿದ ತಕ್ಷಣ ಎಲ್ಲರಿಗೂ ಐದು ನಿಮಿಷ ಆಗಿಬಿಡುತ್ತದೆ ಅನ್ನುವುದು ಮ್ಯಾನೇಜರ್ ನಂಬಿಕೆ. ಹಾಗಲ್ಲ. ಬಳಕೆದಾರರ ಪರವಾಗಿ ಎರಡೂಮುಕ್ಕಾಲಿಗೆ ನಮ್ಮ ವಿಳಾಸ ಕೇಳಿದ್ದ ರಿಸಾಲ್ವರ್ ಸರ್ವರ್ ಉತ್ತರದ ಜೊತೆ 86400 ಅನ್ನೂ ತೆಗೆದುಕೊಂಡು ಹೋಗಿರುತ್ತದೆ. ಅದು ಮುಗಿಯುವವರೆಗೆ ನಮ್ಮನ್ನು ಮತ್ತೆ ಕೇಳುವುದೇ ಇಲ್ಲ. 300 ಬಂದಿದೆ ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಅದಕ್ಕೇ ಹಳೆಯ ಟಿಟಿಎಲ್ ಎಷ್ಟಿತ್ತೋ ಕನಿಷ್ಠ ಅಷ್ಟು ಹೊತ್ತು ಕಾಯಬೇಕು.

ಬಾಯಿಮಾತಿಗೆ ಒಪ್ಪದಿದ್ದಾಗ, ರಾತ್ರಿ ಒಂಬತ್ತಕ್ಕೆ ಆಫೀಸಿನ ಬ್ರಾಡ್‌ಬ್ಯಾಂಡ್ ರಿಸಾಲ್ವರನ್ನೇ ಕೇಳಿ ತೋರಿಸಿದೆ. ಇಲ್ಲಿ ಹೆಸರು, ವಿಳಾಸ ಬದಲಿಸಿದ್ದೇನೆ.

```
$ dig +noall +answer example.com
example.com.  61240  IN  A  203.0.113.20
```

61240 ಸೆಕೆಂಡ್ ಅಂದರೆ ಇನ್ನೂ ಹದಿನೇಳು ಗಂಟೆ. ಆ ರಾತ್ರಿ ಬದಲಿಸಿದ್ದರೆ ಈ ರಿಸಾಲ್ವರ್ ಬಳಸುವವರೆಲ್ಲ ಮರುದಿನ ಮಧ್ಯಾಹ್ನದವರೆಗೆ ಹಳೆಯ ಸರ್ವರಿಗೇ ಹೋಗುತ್ತಿದ್ದರು. ಅರ್ಧ ಆರ್ಡರ್ ಹಳೆಯ ಡೇಟಾಬೇಸಿನಲ್ಲಿ, ಅರ್ಧ ಹೊಸದರಲ್ಲಿ. ದುಡ್ಡು ಕಟ್ಟಿದವರ ಆರ್ಡರ್ ಹುಡುಕಿ ಸೇರಿಸುವವರು ಯಾರು? ಆ ಸಂಖ್ಯೆ ನೋಡಿದ ಮೇಲೆ ಮ್ಯಾನೇಜರ್ "ಸರಿ, ನಾಳೆ ಮಾಡಿ" ಅಂದರು.

ಕಾದಿದ್ದರಿಂದ ಇನ್ನೊಂದು ಉಪಕಾರವಾಯಿತು. ಅದೇ ರಾತ್ರಿ www ಹೆಸರನ್ನೂ ಡಿಗ್ ಮಾಡಿದಾಗ ಅದಕ್ಕೆ ಪ್ಯಾನೆಲ್‌ನಲ್ಲಿ ಬೇರೆಯೇ ಎ ರೆಕಾರ್ಡ್ ಇರುವುದು ಕಂಡಿತು. ಟಿಟಿಎಲ್ 14400. ಸಿನೇಮ್ ಆಗಿದ್ದರೆ ಚಿಂತೆಯಿರಲಿಲ್ಲ, ಅದು ಮುಖ್ಯ ಹೆಸರಿನ ಎ ರೆಕಾರ್ಡನ್ನೇ ಹಿಂಬಾಲಿಸುತ್ತದೆ. ಅದನ್ನೂ ಇಳಿಸಿದೆವು. ಆ ಪ್ಯಾನೆಲ್ ಪ್ರತಿ ರೆಕಾರ್ಡಿನ ಟಿಟಿಎಲ್ ಅನ್ನು ಒಂದೊಂದು ಕ್ಲಿಕ್ಕಿನ ಹಿಂದೆ ಬಚ್ಚಿಡುತ್ತದೆ, ನನಗೆ ಅದರ ಮೇಲೆ ಸಿಟ್ಟಿದೆ.

ಬುಧವಾರ ಹಗಲು ಹೊಸ ಸರ್ವರ್ ಸಿದ್ಧ ಮಾಡಿದೆವು. ಡೊಮೇನ್ ಇನ್ನೂ ಹಳೆಯದನ್ನೇ ತೋರಿಸುವಾಗ ಎಚ್‌ಟಿಟಿಪಿ ಮೂಲಕ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಸಿಗುವುದಿಲ್ಲ. ಹಾಗಾಗಿ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ಪಡೆದೆವು. ಡಿಎನ್‌ಎಸ್ ಮುಟ್ಟದೆ ಹೊಸ ಸರ್ವರನ್ನು ನೋಡಲು ಹೀಗೆ ಮಾಡಿದೆ:

```
curl -I --resolve example.com:443:198.51.100.7 https://example.com/
```

200 ಬಂತು. ಸರ್ಟಿಫಿಕೇಟ್ ಬಗ್ಗೆಯೂ ತಕರಾರಿಲ್ಲ.

ರಾತ್ರಿ ಹನ್ನೊಂದಕ್ಕೆ ಹಳೆಯ ಸೈಟಿನಲ್ಲಿ ಆರ್ಡರ್ ಬಟನ್ ಮಾತ್ರ ಮುಚ್ಚಿ, "ಹತ್ತು ನಿಮಿಷ ಬಿಟ್ಟು ಪ್ರಯತ್ನಿಸಿ" ಅಂತ ಬರೆದೆವು. ಉಳಿದ ಪುಟಗಳು ಎಂದಿನಂತೆ ತೆರೆಯುತ್ತಿದ್ದವು. ಕೊನೆಯ ಡೇಟಾಬೇಸ್ ಡಂಪ್ ತೆಗೆದು ಹೊಸದರಲ್ಲಿ ಹಾಕಿದೆವು. ಆಮೇಲೆ ಎರಡೂ ಎ ರೆಕಾರ್ಡ್ ಬದಲಿಸಿದೆ.

ಆ ಐದು ನಿಮಿಷ ಮಾತ್ರ ಬಹಳ ಉದ್ದ. ಡೊಮೇನಿನ ಸ್ವಂತ ನೇಮ್‌ಸರ್ವರ್ ಹೊಸ ಐಪಿ ಕೊಡುತ್ತಿದೆ, ಆಫೀಸಿನ ರಿಸಾಲ್ವರ್ ಹಳೆಯದನ್ನೇ. ಮತ್ತೆ ಮತ್ತೆ ಡಿಗ್ ಮಾಡುತ್ತಾ 212, 140, 63 ಅಂತ ಇಳಿಯುವುದನ್ನು ನೋಡುತ್ತಾ ಕೂತೆ. "ನನಗಿನ್ನೂ ಹಳೆಯದೇ ಬರ್ತಿದೆ ಕಣ್ರೀ" ಅಂತ ಮ್ಯಾನೇಜರ್ ಫೋನ್ ಮಾಡಿದರು. "ಎರಡು ನಿಮಿಷ ತಡೀರಿ ಸರ್" ಅಂದೆ. ಎಣಿಕೆ ಮುಗಿಯಿತು, ಮುಂದಿನ ಡಿಗ್‌ನಲ್ಲಿ 198.51.100.7 ಬಂತು. ಸ್ವಲ್ಪ ಹೊತ್ತಿಗೇ ಹೊಸ ಸರ್ವರಿನಲ್ಲಿ ಮೊದಲ ಆರ್ಡರ್ ಬಿತ್ತು.

ಹಳೆಯದನ್ನು ಅವತ್ತೇ ಆರಿಸಲಿಲ್ಲ. ಕೆಲವು ರಿಸಾಲ್ವರ್‌ಗಳು ಚಿಕ್ಕ ಟಿಟಿಎಲ್ ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಮ್ಮದೇ ಕನಿಷ್ಠ ಅವಧಿ ಇಟ್ಟುಕೊಳ್ಳುತ್ತವೆ. ಹಳೆಯ ಸರ್ವರಿನ ಆಕ್ಸೆಸ್ ಲಾಗ್‌ನಲ್ಲಿ ಮರುದಿನವೂ ಒಂದಿಷ್ಟು ಸಾಲು ಬಿದ್ದವು, ಬಹುತೇಕ ಬಾಟ್‌ಗಳು. ಟಿಟಿಎಲ್ ಕೂಡ ಆ ವಾರವೆಲ್ಲ 300ರಲ್ಲೇ ಇತ್ತು. ಹೊಸ ಸರ್ವರ್ ಕೈಕೊಟ್ಟರೆ ಐದೇ ನಿಮಿಷದಲ್ಲಿ ಜನರನ್ನು ಹಳೆಯದಕ್ಕೆ ತಿರುಗಿಸುವ ದಾರಿ ತೆರೆದಿರಬೇಕಿತ್ತು. ಲಾಗ್‌ನಲ್ಲಿ ಮನುಷ್ಯರ ಓಡಾಟ ನಿಂತ ಮೇಲೆ 3600ಕ್ಕೆ ಏರಿಸಿದೆ. 86400ಕ್ಕೆ ಮತ್ತೆ ಹೋಗಲು ನನಗೆ ಕಾರಣ ಕಾಣಲಿಲ್ಲ.