ಹಿಂದೆ ನಿಂತವನ ಕೈಯಲ್ಲಿ ಪಿಸ್ತೂಲು

ಇಬ್ಬರು ಗಗನಯಾತ್ರಿಗಳ ಆ ಮೀಮ್ ಇವತ್ತು ಮತ್ತೆ ಕಣ್ಣಿಗೆ ಬಿತ್ತು. 2020ರಲ್ಲಿ ಎಲ್ಲಿ ನೋಡಿದರೂ ಅದೇ ಇತ್ತು, ಅಲ್ವಾ? ಮುಂದಿನವನು ಭೂಮಿ ನೋಡುತ್ತಿದ್ದಾನೆ. ನೆಲವೆಲ್ಲ ಅಮೆರಿಕದ ಓಹಾಯೋ ರಾಜ್ಯವೇ. "ಅಂದ್ರೆ, ಇದೆಲ್ಲಾ ಓಹಾಯೋನಾ?" ಅಂತಾನೆ. ಹಿಂದಿನವನು ಪಿಸ್ತೂಲು ಗುರಿ ಹಿಡಿದು, "ಮೊದಲಿಂದಲೂ ಅದೇ" ಅಂತಾನೆ. (ನಿಜವಾದ ಗಗನಯಾತ್ರಿಗಳಾದ ನೀಲ್ ಆರ್ಮ್‌ಸ್ಟ್ರಾಂಗ್, ಜಾನ್ ಗ್ಲೆನ್ ಇಬ್ಬರೂ ಓಹಾಯೋದವರೇ.)

ನನಗೆ ಜಾಸ್ತಿ ಇಷ್ಟವಾಗೋದು ಆ ಪಿಸ್ತೂಲು. ಅದಿಲ್ಲದಿದ್ದರೆ ಇದು ಬರೀ ಪ್ರಶ್ನೆ, ಉತ್ತರ. ಅದು ಬಂದ ಕೂಡಲೇ ವಿಷಯ ಗುಟ್ಟಾಗುತ್ತದೆ: ಒಬ್ಬನಿಗೆ ಈಗ ಗೊತ್ತಾಯಿತು, ಇನ್ನೊಬ್ಬನಿಗೆ ಯಾವತ್ತೋ ಗೊತ್ತಿತ್ತು.

ಹಾಗಾಗಿ ಈ ಮೀಮನ್ನು ನಾವೇ ಹೊಸದಾಗಿ ಮಾಡುವಾಗ ಭೂಮಿಯ ಜಾಗದಲ್ಲಿ ಇಡುವ ಸಂಗತಿ ಮೊದಲಿಂದಲೂ ನಿಜವಾಗಿರಬೇಕು, ಕಣ್ಣೆದುರೇ ಇದ್ದೂ ಕಾಣದಂತಿರಬೇಕು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಇಟ್ಟು ನೋಡಿ. "ಎಲ್ಲಾ ಒಂದೇ ಜಾತಿಯ ಗಿಡನಾ?" "ಮೊದಲಿಂದಲೂ." ಸರಿಯಾಗಿ ಕೂರುತ್ತದೆ, ಯಾಕೆಂದರೆ ಅವು ನಿಜಕ್ಕೂ ಒಂದೇ ಜಾತಿ. ಒಂದರಲ್ಲಿ ಎಲೆ, ಒಂದರಲ್ಲಿ ಹೂಗೊಂಚಲು, ಇನ್ನೊಂದರಲ್ಲಿ ಕಾಂಡ ದಪ್ಪವಾಗುವಂತೆ ರೈತರು ಆರಿಸಿ ಬೆಳೆಸಿದ್ದು. ಅದೇ "ಕೋಸಿನ ಬೆಲೆ ಏರಿತಾ?" ಅಂತ ಇಟ್ಟರೆ ಕೂರಲ್ಲ. ನಿನ್ನೆ ಮೊನ್ನೆ ಆದದ್ದಕ್ಕೆ ಹಿಂದಿನವನು ಕಾಯುವಂಥ ಗುಟ್ಟೇ ಇಲ್ಲ.